ಅರ್ಧ ಗಂಟೆಯ ಟಿವಿ ವಾರ್ತೆಯನ್ನು ಸುದ್ದಿ ಸುದ್ದಿಯಾಗಿ ಬಿಡಿಸುವುದು ಹೇಗೆ?

ಟಿವಿ ವಾರ್ತೆ ರೆಕಾರ್ಡ್ ಮಾಡಿಟ್ಟುಕೊಳ್ಳುವ ಪತ್ರಿಕೋದ್ಯಮ ವಿದ್ಯಾರ್ಥಿಗಳು ತುಂಬಾ ಜನ ಇದ್ದಾರೆ. ನೀರಾವರಿಯ ಸುದ್ದಿ ಎಷ್ಟು ಬಂತು, ಮಾರುಕಟ್ಟೆ ದರದ ಸುದ್ದಿಗೆ ಎಷ್ಟು ಹೊತ್ತು ಕೊಟ್ಟರು ಅಂತ ಲೆಕ್ಕ ಹಾಕಬೇಕಾದರೆ ಆ ಉದ್ದನೆಯ ಫೈಲ್ ಅನ್ನು ಒಂದೊಂದು ಸುದ್ದಿಯಾಗಿ ಬಿಡಿಸಲೇಬೇಕು. ಅದಕ್ಕೆ ನೆರವಾಗುವ ಗುರುತುಗಳು ಮೂರು: ನಿರೂಪಕರು ತೆರೆಯ ಮೇಲೆ ಬರುವುದು, ನಡುನಡುವೆ ಕೇಳುವ ಜಿಂಗಲ್, ತೆರೆಯ ಕೆಳಗಿನ ಶೀರ್ಷಿಕೆ ಪಟ್ಟಿ. ಇವುಗಳಲ್ಲಿ ಯಾವ ಒಂದನ್ನೂ ಒಂಟಿಯಾಗಿ ನಂಬಬೇಡಿ. ಎರಡು ಗುರುತು ಹತ್ತಿರ ಹತ್ತಿರ ಬಿದ್ದರೆ ಮಾತ್ರ ಅಲ್ಲಿ ಸುದ್ದಿ ಬದಲಾಗಿದೆ ಅಂತ ಅನುಮಾನಿಸಿ. ಅದು ನಿಜವೇ ಅನ್ನುವುದನ್ನು ಕಿವಿಯಿಂದ ಕೇಳಿ ತೀರ್ಮಾನಿಸಿ.

ಮೊದಲು ಇಡೀ ವಾರ್ತೆಯನ್ನು ಒಂದೇ ನೋಟಕ್ಕೆ ತನ್ನಿ

ಉಚಿತವಾಗಿ ಸಿಗುವ ffmpeg ತಂತ್ರಾಂಶ ಸಾಕು. ನಿಮ್ಮ ರೆಕಾರ್ಡಿಂಗ್ ಫೈಲಿನ ಹೆಸರು news.mp4 ಅಂತ ಇರಲಿ. ಕಂಪ್ಯೂಟರಿನ ಕಮಾಂಡ್ ವಿಂಡೋದಲ್ಲಿ ಕೆಳಗಿನ ಆದೇಶ ಕೊಟ್ಟರೆ ಅದು ಐದು ಸೆಕೆಂಡಿಗೆ ಒಂದು ಚಿತ್ರ ತೆಗೆದು, ಒಂದು ಸಾಲಿಗೆ ಆರರಂತೆ ಜೋಡಿಸಿ ಕೊಡುತ್ತದೆ:

```
ffmpeg -i news.mp4 -vf "fps=1/5,scale=240:-1,tile=6x10" sheet_%02d.jpg
```

ಒಂದು ಸಾಲು ಅಂದರೆ ಅರ್ಧ ನಿಮಿಷ, ಒಂದು ಹಾಳೆ ಅಂದರೆ ಐದು ನಿಮಿಷ. ಅರ್ಧ ಗಂಟೆಯ ವಾರ್ತೆ ಆರು ಹಾಳೆಯಲ್ಲಿ ಮುಗಿಯಿತು. ಸ್ಟುಡಿಯೋದ ಹಿನ್ನೆಲೆ ಒಂದೇ ಬಣ್ಣದ್ದಾಗಿರುವುದರಿಂದ ನಿರೂಪಕರು ಎಲ್ಲೆಲ್ಲಿ ಬಂದಿದ್ದಾರೆ ಅಂತ ಕಣ್ಣಿಗೆ ತಟ್ಟನೆ ಸಿಗುತ್ತದೆ. ಆ ಸಮಯಗಳನ್ನು ಬರೆದಿಟ್ಟುಕೊಳ್ಳಿ. ನಿಖರವಾಗಿ ಬೇಡ, ಸುಮಾರಾಗಿ ಸಾಕು.

ಆದರೆ ನಿರೂಪಕರು ಕಂಡಲ್ಲೆಲ್ಲ ಹೊಸ ಸುದ್ದಿ ಶುರುವಾಗುವುದಿಲ್ಲ. ವರದಿ ಮುಗಿದ ಮೇಲೆ ಅದೇ ವಿಷಯಕ್ಕೆ ವರದಿಗಾರರನ್ನು ಫೋನಿನಲ್ಲಿ ಮಾತಾಡಿಸುವಾಗಲೂ ಅವರು ಮತ್ತೆ ಬರುತ್ತಾರೆ. ಇದರ ತಿರುಗುಮುರುಗು ಕೂಡ ಉಂಟು. ಸಂಕ್ಷಿಪ್ತ ಸುದ್ದಿಯಲ್ಲಿ ನಿರೂಪಕರ ಮುಖವೇ ಕಾಣುವುದಿಲ್ಲ, ಬರೀ ದನಿ ಕೇಳುತ್ತಿರುತ್ತದೆ. ಎರಡೇ ನಿಮಿಷದಲ್ಲಿ ನಾಲ್ಕೈದು ಸುದ್ದಿ ದಾಟಿ ಹೋಗಿರುತ್ತವೆ.

ಜಿಂಗಲ್ ಹೇಳುವುದು ವಿಭಾಗವನ್ನು

ಆಡಾಸಿಟಿಯಂಥ ತಂತ್ರಾಂಶದಲ್ಲಿ ವಾರ್ತೆಯ ಧ್ವನಿಯನ್ನು ತೆರೆದು ಜಿಂಗಲ್ ಬಂದ ಕಡೆಯೆಲ್ಲ ಗುರುತು ಹಾಕಿ. ಹತ್ತು ಹದಿನೈದು ಸೆಕೆಂಡಿಗೊಮ್ಮೆ ಸಣ್ಣ ಸದ್ದು ಬರುತ್ತಿದ್ದರೆ ಅದು ಮುಖ್ಯಾಂಶಗಳ ಭಾಗ. ಎರಡು ಜಿಂಗಲ್ ನಡುವೆ ಕೆಲವು ನಿಮಿಷ ಅಂತರವಿದ್ದು, ಆ ಹೊತ್ತಿನಲ್ಲಿ ಶೀರ್ಷಿಕೆ ಪಟ್ಟಿಯೂ ಮಾಯವಾಗಿದ್ದರೆ ಅದು ಜಾಹೀರಾತು. ಈ ಎರಡನ್ನೂ ಮೊದಲೇ ಬೇರೆ ತೆಗೆದಿಡಿ. ಮುಖ್ಯಾಂಶದಲ್ಲಿ ಬಂದ ವಿಷಯ ಒಳಗೆ ಮತ್ತೆ ಬರುತ್ತದೆ, ಕೊನೆಯಲ್ಲಿ ಇನ್ನೊಮ್ಮೆ ಬರಬಹುದು. ಸುಮ್ನೆ ಎಣಿಸುತ್ತಾ ಹೋದರೆ ಒಂದೇ ಸುದ್ದಿ ಮೂರಾಗಿಬಿಡುತ್ತದೆ.

ದಿನಾ ಇದೇ ಕೆಲಸ ಮಾಡುವವರು ಜಿಂಗಲ್‌ನ ಎರಡು ಮೂರು ಸೆಕೆಂಡಿನ ಶುದ್ಧ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಕಂಪ್ಯೂಟರ್ ಆ ತುಣುಕನ್ನು ಇಡೀ ಧ್ವನಿಯ ಮೇಲೆ ಜರುಗಿಸುತ್ತಾ ಎಲ್ಲಿ ಹೊಂದುತ್ತದೆ ಅಂತ ಹುಡುಕುತ್ತದೆ. ತುಣುಕಿನ ಮೇಲೆ ನಿರೂಪಕರ ಮಾತು ಬೆರೆತಿರಬಾರದು. ಬೆರೆತಿದ್ದರೆ ಹೊಂದಿಕೆ ಸಡಿಲವಾಗಿ ಕೆಲವು ಜಾಗ ತಪ್ಪಿಹೋಗುತ್ತವೆ.

ಪಟ್ಟಿಯ ಮೇಲೆ ಜಾಸ್ತಿ ಗಮನ

ನಮ್ಮ ಕನ್ನಡ ಸುದ್ದಿ ವಾಹಿನಿಗಳ ತೆರೆಯ ಮೇಲೆ ಅಕ್ಷರಕ್ಕೆ ಬರವಿಲ್ಲ. ಎಲ್ಲಕ್ಕಿಂತ ಕೆಳಗೆ ಓಡುವ ಸ್ಕ್ರೋಲಿಂಗ್ ಸಾಲನ್ನು ಪೂರ್ತಿ ಬಿಟ್ಟುಬಿಡಿ. ಅದಕ್ಕೂ ಮೇಲೆ ನಡೆಯುತ್ತಿರುವ ಸುದ್ದಿಗೂ ಸಂಬಂಧವಿಲ್ಲ. ಬ್ರೇಕಿಂಗ್ ನ್ಯೂಸ್ ಪಟ್ಟಿಯೂ ಅಷ್ಟೇ, ಯಾವುದೋ ಸುದ್ದಿಯ ನಡುವೆ ಬೇರೆಯದೇ ವಿಷಯ ತಂದು ಹಾಕುತ್ತದೆ. ನಿಮಗೆ ಬೇಕಾದದ್ದು ಸ್ಕ್ರೋಲಿಂಗ್ ಮೇಲಿರುವ, ನಿಂತ ಅಕ್ಷರದ ಶೀರ್ಷಿಕೆ ಪಟ್ಟಿ.

ಆ ಪಟ್ಟಿಯನ್ನಷ್ಟೇ ಕತ್ತರಿಸಿ, ಅದು ಬದಲಾದ ಸಮಯ ಹೇಳು ಅಂತ ಹೀಗೆ ಕೇಳಬಹುದು:

```
ffmpeg -i news.mp4 -vf "crop=iw:ih*0.12:0:ih*0.76,fps=2,select='gt(scene,0.1)',showinfo" -f null -
```

ಇಲ್ಲಿ 0.76 ಅಂದರೆ ಪಟ್ಟಿ ತೆರೆಯ ಮೇಲಿನಿಂದ ಎಷ್ಟು ಕೆಳಗೆ ಶುರುವಾಗುತ್ತದೆ ಅನ್ನುವುದು, 0.12 ಅಂದರೆ ಅದರ ಎತ್ತರ. ವಾಹಿನಿಗೆ ತಕ್ಕಂತೆ ಎರಡನ್ನೂ ಬದಲಿಸಿಕೊಳ್ಳಿ. ಬದಲಾದ ಹೊತ್ತು `pts_time` ಅನ್ನುವ ಕಡೆ ಸೆಕೆಂಡುಗಳಲ್ಲಿ ಬರುತ್ತದೆ. ಉತ್ತರ ನೂರಾರು ಸಾಲು ಬಂದರೆ, ಪಟ್ಟಿ ಅರೆಪಾರದರ್ಶಕವಾಗಿದ್ದು ಹಿಂದಿನ ದೃಶ್ಯದ ಓಡಾಟವೂ ಲೆಕ್ಕಕ್ಕೆ ಸಿಕ್ಕಿದೆ ಅಥವಾ ಸ್ಕ್ರೋಲಿಂಗ್‌ನ ಅಂಚು ಒಳಗೆ ಸೇರಿದೆ ಅಂತ ಅರ್ಥ. ಕತ್ತರಿಸುವ ಜಾಗ ಕಿರಿದು ಮಾಡಿ, ಎಷ್ಟು ಬದಲಾದರೆ ಲೆಕ್ಕಕ್ಕೆ ಹಿಡಿಯಬೇಕು ಅಂತ ಹೇಳುವ 0.1 ಅನ್ನು 0.2ಕ್ಕೆ ಏರಿಸಿ ನೋಡಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಒಂದೇ ಸುದ್ದಿಯಲ್ಲಿ ಪಟ್ಟಿ ಮೂರು ನಾಲ್ಕು ಸಲ ಮಗುಚಬಹುದು. ಅದು ಹಳೆ ಸುದ್ದಿಯ ಹೊಸ ಸಾಲೋ, ಹೊಸ ಸುದ್ದಿಯೋ ಅನ್ನುವುದನ್ನು ಓದಿಯೇ ತಿಳಿಯಬೇಕು.

ಒಂದು ಸುದ್ದಿಯನ್ನು ಬಿಡಿಸಿ ನೋಡೋಣ

ಮಳೆಗಾಲದ ಒಂದು ವಾರ್ತೆ ಅಂತ ಇಟ್ಟುಕೊಳ್ಳಿ. 4 ನಿಮಿಷ 12ನೇ ಸೆಕೆಂಡಿಗೆ ನಿರೂಪಕಿ, "ಕೊಡಗಿನಲ್ಲಿ ಮಳೆ ಜೋರಾಗಿದ್ದು ಕೆಆರ್‌ಎಸ್ ಅಣೆಕಟ್ಟೆಗೆ ಒಳಹರಿವು ಹೆಚ್ಚಾಗಿದೆ" ಅಂತ ಶುರು ಮಾಡುತ್ತಾರೆ. 4:15ಕ್ಕೆ ಪಟ್ಟಿಯಲ್ಲಿ "ಕೆಆರ್‌ಎಸ್ ಒಳಹರಿವು ಏರಿಕೆ" ಬರುತ್ತದೆ. 4:34ಕ್ಕೆ ವರದಿಯ ದೃಶ್ಯ ಶುರು. 6:02ಕ್ಕೆ ವರದಿಗಾರರು ತಮ್ಮ ಹೆಸರು, ವಾಹಿನಿ, ಊರು ಹೇಳಿ ಮುಗಿಸುತ್ತಾರೆ. 6:06ಕ್ಕೆ ನಿರೂಪಕಿ ಮತ್ತೆ ಪ್ರತ್ಯಕ್ಷ. ಪಟ್ಟಿಯೂ "ನದಿ ದಂಡೆಯ ಜನರಿಗೆ ಎಚ್ಚರಿಕೆ" ಅಂತ ಬದಲಾಗುತ್ತದೆ.

ಇಲ್ಲಿ ಎರಡು ಗುರುತು ಒಟ್ಟಿಗೆ ಬಿದ್ದಿವೆ, ಹಾಗಾದರೆ ಹೊಸ ಸುದ್ದಿಯೇ? ಅಲ್ಲ. ತೆರೆ ಎರಡು ಭಾಗವಾಗಿ, ಶ್ರೀರಂಗಪಟ್ಟಣದಲ್ಲಿರುವ ವರದಿಗಾರರು ಪಕ್ಕದಲ್ಲೇ ಇದ್ದಾರೆ. ನಿರೂಪಕಿಯ ಮೊದಲ ಮಾತೇ "ಈಗ ಅಲ್ಲಿ ಪರಿಸ್ಥಿತಿ ಹೇಗಿದೆ?" ಅನ್ನುವುದು. ಆ ನದಿಯೂ ಕಾವೇರಿಯೇ, ಸುದ್ದಿ ಮುಂದುವರಿದಿದೆ. 7:48ಕ್ಕೆ ನಿರೂಪಕಿ ಒಬ್ಬರೇ ಕಾಣುತ್ತಾರೆ, ಈರುಳ್ಳಿ ದರದ ಮಾತು ಎತ್ತುತ್ತಾರೆ. 7:51ಕ್ಕೆ ಪಟ್ಟಿಯಲ್ಲಿ ಹುಬ್ಬಳ್ಳಿ ಮಾರುಕಟ್ಟೆ. ನಮ್ಮ ಸುದ್ದಿ 4:12ರಿಂದ 7:48ರ ತನಕ.

ಎರಡು ಕಡೆಯೂ ಮಾತು ಶುರುವಾದ ಮೇಲೆ ಪಟ್ಟಿ ಬಂದಿದೆ, ಗಮನಿಸಿದಿರಾ? ಅದಕ್ಕೇ ಸುದ್ದಿ ಬದಲಾಗಿದೆ ಅಂತ ತಿಳಿಯಲು ಪಟ್ಟಿ ನೋಡಿ, ಯಾವ ಸೆಕೆಂಡಿಗೆ ಅಂತ ತಿಳಿಯಲು ನಿರೂಪಕರ ಮೊದಲ ಮಾತಿನ ಹಿಂದಿರುವ ಸಣ್ಣ ಮೌನ ಹುಡುಕಿ. 4:34ಕ್ಕೆ ಕತ್ತರಿಸುವವರೂ ಇದ್ದಾರೆ. ಅದು ಸರಿಯಲ್ಲ. ಯಾವ ಊರು, ಏನಾಯಿತು ಅನ್ನುವುದೆಲ್ಲ ನಿರೂಪಕರ ಪೀಠಿಕೆಯಲ್ಲೇ ಇರುತ್ತದೆ.

ಕತ್ತರಿಸಿ, ಪರೀಕ್ಷಿಸಿ

```
ffmpeg -ss 00:04:12 -to 00:07:48 -i news.mp4 -c:v libx264 -c:a aac story02.mp4
```

ಬೇಗ ಆಗಲಿ ಅಂತ `-c:v libx264 -c:a aac` ಬದಲು `-c copy` ಹಾಕಿದರೆ ವಿಡಿಯೋ ನೀವು ಹೇಳಿದ ಜಾಗದಲ್ಲೇ ಕತ್ತರಿಸುವುದಿಲ್ಲ. ಹಿಂದಿನ ಪೂರ್ಣ ಚಿತ್ರ ಎಲ್ಲಿದೆಯೋ ಅಲ್ಲಿಂದ ಹಿಡಿಯುತ್ತದೆ, ಹಿಂದಿನ ಸುದ್ದಿಯ ಬಾಲ ಸೇರಿಕೊಳ್ಳುತ್ತದೆ.

ಎಷ್ಟು ನಿಖರತೆ ಬೇಕು? ಅಮೆರಿಕದ ಟ್ರೆಕ್‌ವಿಡ್ ಸಂಶೋಧನಾ ಸ್ಪರ್ಧೆಯಲ್ಲಿ 2003 ಮತ್ತು 2004ರಲ್ಲಿ ಎಬಿಸಿ, ಸಿಎನ್‌ಎನ್ ವಾರ್ತೆಗಳನ್ನು ಹೀಗೇ ಬಿಡಿಸುವ ಕೆಲಸ ಕೊಟ್ಟಿದ್ದರು. ಅಲ್ಲಿ ಐದು ಸೆಕೆಂಡು ಆಚೀಚೆ ಆದರೂ ಸರಿ ಅಂತ ಒಪ್ಪುತ್ತಿದ್ದರು. ಸಮಯದ ಲೆಕ್ಕಕ್ಕೆ ನಿಮಗೂ ಅಷ್ಟು ಸಾಕು. ಆದರೆ ತುಣುಕನ್ನು ಬೇರೆಯವರಿಗೆ ತೋರಿಸುವುದಾದರೆ ಐದು ಸೆಕೆಂಡಿನಲ್ಲಿ ಒಂದಿಡೀ ವಾಕ್ಯ ಕಳೆದುಹೋಗಬಹುದು.

ಅದಕ್ಕೆ ಪ್ರತಿ ತುಣುಕಿನ ಮೊದಲ ವಾಕ್ಯ ಕೇಳಿ. ಹೊಸ ಸುದ್ದಿಯಲ್ಲಿ ಊರಿನ, ಜನರ ಹೆಸರು ಬಿಡಿಸಿ ಹೇಳಿರುತ್ತಾರೆ. ನಿಮ್ಮ ತುಣುಕು "ಇದರಿಂದಾಗಿ", "ಅವರು", "ಅಲ್ಲಿನ" ಅಂತ ಶುರುವಾಗಿದ್ದರೆ ತಡವಾಗಿ ಕತ್ತರಿಸಿದ್ದೀರಿ ಅಥವಾ ಒಂದೇ ಸುದ್ದಿಯನ್ನು ಎರಡು ಮಾಡಿದ್ದೀರಿ. ಹಿಂದಿನ ತುಣುಕಿನ ಕೊನೆಯ ಅರ್ಧ ನಿಮಿಷ ಕೇಳಿದರೆ ಯಾವುದು ಅಂತ ಗೊತ್ತಾಗುತ್ತದೆ.