ಪುಸ್ತಕವನ್ನು ಎರಡು ಸಲ ತಿರುಗಿಸಿ, ಆಮೇಲೆ ಅಕ್ಷ ಹುಡುಕಿ

ಕೈಗೆ ಸಿಕ್ಕ ಒಂದು ಪುಸ್ತಕ ತಗೊಳ್ಳಿ. ನಿಲ್ಲಿಸಿದರೆ ನಿಲ್ಲುವಷ್ಟು ದಪ್ಪ ಇದ್ದರೆ ಸಾಕು. ಮುಖಪುಟ ಮೇಲೆ ಕಾಣುವ ಹಾಗೆ ಮೇಜಿನ ಮೇಲೆ ಮಲಗಿಸಿ. ಬೆನ್ನು ನಿಮ್ಮ ಎಡಕ್ಕಿರಲಿ, ಪುಸ್ತಕದ ತಲೆ ನಿಮ್ಮಿಂದ ಆಚೆಗಿರಲಿ.

ಈಗ ಮೂರು ಅಕ್ಷ ಗೊತ್ತು ಮಾಡಿಕೊಳ್ಳೋಣ. x ನಿಮ್ಮ ಬಲಕ್ಕೆ, y ನಿಮ್ಮಿಂದ ಆಚೆಗೆ, z ಮೇಲಕ್ಕೆ. ಇವು ಮೇಜಿಗೆ ಸೇರಿದ ಅಕ್ಷಗಳು, ಪುಸ್ತಕ ಹೇಗೆ ತಿರುಗಿದರೂ ಇವು ಅಲುಗುವುದಿಲ್ಲ. ಯಾವ ಕಡೆ ತಿರುಗಿಸಬೇಕು ಎನ್ನುವುದಕ್ಕೆ ಬಲಗೈ ನಿಯಮ: ಹೆಬ್ಬೆರಳನ್ನು ಅಕ್ಷದ ದಿಕ್ಕಿಗೆ ಚಾಚಿ, ಉಳಿದ ಬೆರಳುಗಳು ಯಾವ ಕಡೆ ಮಡಚುತ್ತವೋ ಆ ಕಡೆ.

ಮೊದಲು x, ಆಮೇಲೆ z

x ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ. ಪುಸ್ತಕದ ತಲೆ ಮೇಲೆದ್ದು, ಮುಖಪುಟ ನಿಮ್ಮ ಕಡೆ ಮಾಡಿಕೊಂಡು ನಿಲ್ಲುತ್ತದೆ. ಈಗ z ಸುತ್ತ 90 ಡಿಗ್ರಿ, ಅಂದರೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಬೆನ್ನು ನಿಮ್ಮ ಕಡೆ ಬಂತು, ಮುಖಪುಟ ಬಲಕ್ಕೆ ಹೋಯಿತು. ಕಪಾಟಿನಲ್ಲಿ ಪುಸ್ತಕ ಜೋಡಿಸುತ್ತೇವಲ್ಲ, ಥೇಟ್ ಹಾಗೆ.

ಪುಸ್ತಕವನ್ನು ಮೊದಲಿನಂತೆ ಮಲಗಿಸಿ, ಅವೇ ಎರಡು ತಿರುವುಗಳನ್ನು ಹಿಂದುಮುಂದು ಮಾಡಿ. ಮೊದಲು z: ಪುಸ್ತಕ ಮಲಗಿದಲ್ಲೇ ತಿರುಗಿ ಬೆನ್ನು ನಿಮ್ಮ ಕಡೆ, ತಲೆ ಎಡಕ್ಕೆ. ಆಮೇಲೆ x: ಈಗ ಪುಸ್ತಕ ಬೆನ್ನಿನ ಮೇಲೆ ನಿಂತಿದೆ, ಮುಖಪುಟ ನಿಮ್ಮನ್ನು ನೋಡುತ್ತಿದೆ, ತಲೆ ಎಡಕ್ಕೇ ಇದೆ. ಕಪಾಟಿನ ಭಂಗಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಅಲ್ವಾ?

ಕಾರಣ ಇಷ್ಟೇ. ಎರಡನೇ ತಿರುವು ಬರುವ ಹೊತ್ತಿಗೆ ಪುಸ್ತಕದ ಬೇರೆ ಅಂಚು ಬೇರೆ ಜಾಗದಲ್ಲಿ ಇರುತ್ತದೆ. ಮೊದಲ ಸಲ z ತಿರುವು ನಿಂತ ಪುಸ್ತಕದ ಮೇಲೆ ನಡೆಯಿತು, ಎರಡನೇ ಸಲ ಮಲಗಿದ ಪುಸ್ತಕದ ಮೇಲೆ.

ಮ್ಯಾಟ್ರಿಕ್ಸ್ ಬರೆಯುವುದು

ಸೂತ್ರ ಬಾಯಿಪಾಠ ಮಾಡಬೇಕಿಲ್ಲ. ತಿರುಗುವಿಕೆಯ ಮ್ಯಾಟ್ರಿಕ್ಸ್‌ನ ಮೊದಲ ಕಾಲಮ್ ಎಂದರೆ x ದಿಕ್ಕು ಎಲ್ಲಿಗೆ ಹೋಯಿತು ಎಂಬುದು, ಎರಡನೆಯದು y ಎಲ್ಲಿಗೆ ಹೋಯಿತು, ಮೂರನೆಯದು z ಎಲ್ಲಿಗೆ ಹೋಯಿತು. ಮೊದಲ ಕ್ರಮವನ್ನೇ ಹಿಡಿಯೋಣ. x ದಿಕ್ಕು ಮೊದಲ ತಿರುವಿನಲ್ಲಿ ಅಲುಗಲಿಲ್ಲ, ಎರಡನೆಯದರಲ್ಲಿ y ಆಯಿತು. y ದಿಕ್ಕು ಎದ್ದು z ಆಯಿತು, ಆಮೇಲೆ ಹಾಗೇ ಉಳಿಯಿತು. z ದಿಕ್ಕು ಬಾಗಿ −y ಆಗಿ, ಅಲ್ಲಿಂದ x ಗೆ ಬಂತು. ಇನ್ನೊಂದು ಕ್ರಮಕ್ಕೂ ಇದೇ ರೀತಿ ಹಿಂಬಾಲಿಸಿದರೆ ಸಿಗುವುದು ಇವು:

```
M = Rz·Rx (ಮೊದಲು x)     N = Rx·Rz (ಮೊದಲು z)
0  0  1                  0 -1  0
1  0  0                  0  0 -1
0  1  0                  1  0  0
```

ಮೊದಲು ನಡೆಯುವುದು ಬಲಗಡೆ ಇದೆ ಎನ್ನುವುದನ್ನು ಗಮನಿಸಿ. ವೆಕ್ಟರನ್ನು ಬಲಕ್ಕೆ ಕಾಲಮ್ ಆಗಿ ಬರೆಯುತ್ತೇವೆ, ಅದಕ್ಕೆ ಹತ್ತಿರ ಇರುವ ಮ್ಯಾಟ್ರಿಕ್ಸ್ ಮೊದಲು ಅದನ್ನು ಮುಟ್ಟುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. "ಮೊದಲು x, ಆಮೇಲೆ z" ಎಂದು ಯಾರಾದರೂ ಹೇಳಿದರೆ, ಮೇಜಿನ z ಸುತ್ತಲೋ ಪುಸ್ತಕದ್ದೇ z ಸುತ್ತಲೋ ಎಂದು ಕೇಳಿ. ಪುಸ್ತಕದ z ಎಂದರೆ ಮುಖಪುಟದಿಂದ ನೇರ ಹೊರಕ್ಕೆ ಹೊರಟ ಗೆರೆ, ಅದು ಪುಸ್ತಕದ ಜೊತೆಗೇ ತಿರುಗುತ್ತದೆ. ಪುಸ್ತಕವನ್ನು x ಸುತ್ತ ಎಬ್ಬಿಸಿ ನಿಲ್ಲಿಸಿದ ಮೇಲೆ ಈ ಗೆರೆ ನಿಮ್ಮ ಕಡೆಗಿದೆ. ಅದರ ಸುತ್ತ 90 ಡಿಗ್ರಿ ತಿರುಗಿಸಿ ನೋಡಿ: ತಲೆ ಎಡಕ್ಕೆ, ಬೆನ್ನು ಕೆಳಕ್ಕೆ, ಮುಖಪುಟ ನಿಮ್ಮ ಕಡೆಗೆ. ಬಂದದ್ದು N! ಅಂದರೆ ವಸ್ತುವಿನ ಸ್ವಂತ ಅಕ್ಷಗಳಲ್ಲಿ "ಮೊದಲು x, ಆಮೇಲೆ z" ಎನ್ನುವುದೂ ಸ್ಥಿರ ಅಕ್ಷಗಳಲ್ಲಿ "ಮೊದಲು z, ಆಮೇಲೆ x" ಎನ್ನುವುದೂ ಒಂದೇ. ಇಬ್ಬರು ಒಂದೇ ವಾಕ್ಯ ಹೇಳಿ ಎರಡು ಬೇರೆ ಮ್ಯಾಟ್ರಿಕ್ಸ್ ಬರೆಯುವುದು, ಆಮೇಲೆ ಇಬ್ಬರೂ ತಾವೇ ಸರಿ ಎಂದು ವಾದ ಮಾಡುವುದು ಹೀಗೆ.

ಸಣ್ಣ ಕೋನಗಳಲ್ಲಿ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಎರಡೂ ತಿರುವು 1 ಡಿಗ್ರಿ ಆದರೆ, ಎರಡು ಕ್ರಮಗಳ ನಡುವಿನ ವ್ಯತ್ಯಾಸ ಸುಮಾರು 0.017 ಡಿಗ್ರಿ ಮಾತ್ರ. ವ್ಯತ್ಯಾಸವು ಎರಡು ಕೋನಗಳ ಗುಣಲಬ್ಧದಷ್ಟು ಇರುತ್ತದೆ, ಕೋನಗಳನ್ನು ರೇಡಿಯನ್‌ನಲ್ಲಿ ತಗೊಂಡರೆ. ಹಾಗಾಗಿ ಪ್ರೋಗ್ರಾಂ ಪರೀಕ್ಷೆ ಮಾಡುವಾಗ 1, 2 ಡಿಗ್ರಿ ಕೊಟ್ಟು "ಸರಿ ಬಂತು" ಅನ್ನಬೇಡಿ, 90 ಕೊಡಿ.

ಮ್ಯಾಟ್ರಿಕ್ಸ್‌ನಿಂದ ಅಕ್ಷ ಮತ್ತು ಕೋನ

ಒಂದು ಬಿಂದು ಕದಲದೆ ಇದ್ದರೆ, ಗಟ್ಟಿ ವಸ್ತುವನ್ನು ಎಷ್ಟು ಸಲ ಹೇಗೆ ತಿರುಗಿಸಿದರೂ ಕೊನೆಗೆ ಸಿಗುವ ಭಂಗಿಯನ್ನು ಯಾವುದೋ ಒಂದು ಅಕ್ಷದ ಸುತ್ತ ಒಂದೇ ಸಲ ತಿರುಗಿಸಿ ಮುಟ್ಟಬಹುದು. 1775ರಲ್ಲಿ ಆಯ್ಲರ್ ತೋರಿಸಿದ್ದು ಇದನ್ನೇ. ಹಾಗಾದರೆ ನಮ್ಮ M ಗೆ ಆ ಅಕ್ಷ ಯಾವುದು?

ಮೊದಲು ಕೋನ. ಎಡ ಮೇಲಿನಿಂದ ಬಲ ಕೆಳಗಿನವರೆಗೆ ಕರ್ಣದ ಮೇಲಿರುವ ಮೂರು ಸಂಖ್ಯೆ ಕೂಡಿಸಿ, ಇದನ್ನು ಟ್ರೇಸ್ ಅನ್ನುತ್ತಾರೆ. z ಸುತ್ತ θ ಕೋನದ ತಿರುವಿನ ಕರ್ಣದಲ್ಲಿ cos θ, cos θ, 1 ಇರುತ್ತವೆ, ಮೊತ್ತ 1 + 2cos θ. ಅಕ್ಷಗಳನ್ನು ಬೇರೆ ದಿಕ್ಕಿಗೆ ಕೂರಿಸಿದರೂ ಟ್ರೇಸ್ ಬದಲಾಗುವುದಿಲ್ಲ, ಅದಕ್ಕೇ ಯಾವ ಅಕ್ಷದ ಸುತ್ತ ತಿರುಗಿದರೂ ಇದೇ ಮೊತ್ತ. M ನ ಟ್ರೇಸ್ 0. ಆಗ cos θ = −1/2, θ = 120 ಡಿಗ್ರಿ.

ಎರಡು 90 ಸೇರಿ 180 ಆಗಲಿಲ್ಲ, 120 ಆಯಿತು. ಮೊದಲ ಸಲ ಲೆಕ್ಕ ಮಾಡಿದಾಗ ನಾನು ಎಲ್ಲೋ ತಪ್ಪಿದೆ ಅಂತಲೇ ಅಂದುಕೊಂಡಿದ್ದೆ.

ಇನ್ನು ಅಕ್ಷ. ಕರ್ಣದ ಆಚೀಚೆ ಎದುರುಬದುರು ಕೂತಿರುವ ಸಂಖ್ಯೆಗಳನ್ನು ಕಳೆಯಿರಿ:

```
v = (R32 − R23,  R13 − R31,  R21 − R12)
```

R32 ಎಂದರೆ 3ನೇ ಸಾಲು, 2ನೇ ಕಾಲಮ್. ತಿರುವಿನ ಮ್ಯಾಟ್ರಿಕ್ಸ್‌ನಲ್ಲಿ ಒಂದು ಭಾಗ ಕರ್ಣದ ಆಚೀಚೆ ಒಂದೇ ಥರ ಇರುತ್ತದೆ, ಇನ್ನೊಂದು ಭಾಗದ ಚಿಹ್ನೆ ಮಾತ್ರ ಉಲ್ಟಾ. ಕಳೆದಾಗ ಮೊದಲನೆಯದು ಮಾಯ, ಎರಡನೆಯದು ಉಳಿಯುತ್ತದೆ. ಹಾಗೆ ಉಳಿಯುವುದು ಅಕ್ಷದ 2sin θ ಪಟ್ಟು. M ಗೆ v = (1, 1, 1). ಇದರ ಉದ್ದ √3, ಅಂದರೆ 1.732. 2sin 120° ಕೂಡ 1.732, ತಾಳೆಯಾಯಿತು. v ಯನ್ನು ಅದರ ಉದ್ದದಿಂದ ಭಾಗಿಸಿದರೆ ಅಕ್ಷ ಸಿಕ್ಕಿತು.

ಒಂದು ಘನದ ಮೂಲೆಯಿಂದ ಎದುರು ಮೂಲೆಗೆ ಚುಚ್ಚಿದ ಕಡ್ಡಿ ಅಂದುಕೊಳ್ಳಿ, ಅದೇ (1, 1, 1). ಅದರ ಸುತ್ತ 120 ಡಿಗ್ರಿ ತಿರುಗಿಸಿದರೆ x ಹೋಗಿ y, y ಹೋಗಿ z, z ಹೋಗಿ x ಆಗುತ್ತದೆ. M ಮಾಡುವುದು ಇದನ್ನೇ. ಕೊನೆಯ ಪರೀಕ್ಷೆ ಇನ್ನೂ ಸುಲಭ: M ಅನ್ನು ಅಕ್ಷದ ಮೇಲೆ ಪ್ರಯೋಗಿಸಿದರೆ ಅಕ್ಷ ಇದ್ದ ಹಾಗೇ ಇರಬೇಕು.

N ಗೆ ಮಾಡಿ ನೋಡಿ. ಟ್ರೇಸ್ ಮತ್ತೆ 0, ಕೋನ ಮತ್ತೆ 120. ಅಕ್ಷ ಮಾತ್ರ (1, −1, 1) ದಿಕ್ಕಿಗೆ. ಇದು ಕಾಕತಾಳೀಯ ಅಲ್ಲ. ಎರಡು ತಿರುವುಗಳ ಕ್ರಮ ಬದಲಾಯಿಸಿದರೆ ಒಟ್ಟು ಕೋನ ಯಾವತ್ತೂ ಬದಲಾಗುವುದಿಲ್ಲ, ಬದಲಾಗುವುದು ಅಕ್ಷ. N ನ ಅಕ್ಷವನ್ನು z ಸುತ್ತ 90 ಡಿಗ್ರಿ ತಿರುಗಿಸಿದರೆ (1, 1, 1), ಅಂದರೆ M ನ ಅಕ್ಷವೇ ಬರುತ್ತದೆ. ಮೂರು ತಿರುವುಗಳಾದರೆ ಈ ಸೌಕರ್ಯ ಇಲ್ಲ, ಕ್ರಮ ಬದಲಾದಾಗ ಕೋನವೂ ಬದಲಾಗಬಹುದು.

ಎಲ್ಲಿ ಕೈಕೊಡುತ್ತದೆ

ಒಮ್ಮೆ ನನ್ನ ಪ್ರೋಗ್ರಾಂ ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ `nan` ಎಂದು ಬರೆಯತೊಡಗಿತು. ವಸ್ತು ತಿರುಗದೆ ಸುಮ್ನೆ ನಿಂತಿದ್ದಾಗ ಮಾತ್ರ ಹೀಗೆ. ಆಮೇಲೆ ಗೊತ್ತಾಯಿತು: ದಶಮಾಂಶದ ಕೊನೆಯ ಅಂಕಿಗಳ ಏರುಪೇರಿನಿಂದ ಟ್ರೇಸ್ 3ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಆಗಿ, cos θ 1ನ್ನು ದಾಟಿತ್ತು. ಅಂಥ ಕೋನವೇ ಇಲ್ಲವಲ್ಲ. ಅದು ದಾಟದಿದ್ದರೂ ತೀರ ಸಣ್ಣ ಕೋನದಲ್ಲಿ cos θ ಹೆಚ್ಚುಕಡಿಮೆ 1ಕ್ಕೇ ಅಂಟಿಕೊಂಡಿರುತ್ತದೆ, ಕೋನದ ಮಾಹಿತಿ ಅಳಿಸಿಹೋಗುತ್ತದೆ. ಹಾಗಾಗಿ `arccos` ಬಿಟ್ಟು v ಯ ಉದ್ದವನ್ನೂ ಬಳಸಿ:

```python
v = np.array([R[2,1]-R[1,2], R[0,2]-R[2,0], R[1,0]-R[0,1]])
angle = np.degrees(np.arctan2(np.linalg.norm(v), np.trace(R) - 1))
```

ಕೋಡ್‌ನಲ್ಲಿ ಎಣಿಕೆ 0ಯಿಂದ ಶುರು, ಅದಕ್ಕೇ R32 ಇಲ್ಲಿ `R[2,1]`. ಉತ್ತರ ಯಾವಾಗಲೂ 0 ಮತ್ತು 180 ಡಿಗ್ರಿಗಳ ನಡುವೆ ಬರುತ್ತದೆ. z ಸುತ್ತ 270 ಡಿಗ್ರಿ ಕೊಟ್ಟರೆ "−z ಸುತ್ತ 90" ಎನ್ನುತ್ತದೆ. ತಪ್ಪಲ್ಲ, ಅದೂ ಅದೇ ತಿರುವು.

ಅಕ್ಷ ಪ್ರತಿ ಸಲ ಉಲ್ಟಾ ದಿಕ್ಕಿಗೆ ಬರುತ್ತಿದ್ದರೆ ಮ್ಯಾಟ್ರಿಕ್ಸ್ ಬರೆದವರು ವೆಕ್ಟರನ್ನು ಸಾಲಾಗಿ ಬರೆದಿದ್ದಾರೆ, ಸಾಲು ಕಾಲಮ್ ಅದಲುಬದಲಾಗಿದೆ. ಇನ್ನು ಕೈಗೆ ಬಂದ ಮ್ಯಾಟ್ರಿಕ್ಸ್ ನಿಜಕ್ಕೂ ತಿರುವೇ ಎಂದು ಮೊದಲೇ ನೋಡಿಕೊಳ್ಳಿ: ಪ್ರತಿ ಕಾಲಮ್ಮಿನ ಉದ್ದ 1, ಒಂದಕ್ಕೊಂದು ಲಂಬ, ಡಿಟರ್ಮಿನೆಂಟ್ +1. ಡಿಟರ್ಮಿನೆಂಟ್ −1 ಬಂದರೆ ಅದರಲ್ಲಿ ಕನ್ನಡಿ ಬಿಂಬ ಸೇರಿದೆ. ಸೂತ್ರಕ್ಕೆ ಅದು ತಿಳಿಯದು, ಏನೋ ಒಂದು ಕೋನ ಕೊಟ್ಟುಬಿಡುತ್ತದೆ.

ಕೊನೆಯದು 180 ಡಿಗ್ರಿ. ಅಲ್ಲಿ sin θ ಸೊನ್ನೆ, v ಪೂರ್ತಿ ಸೊನ್ನೆ, ಆದರೆ ಅಕ್ಷ ಮಾತ್ರ ಇದ್ದೇ ಇದೆ. ಪುಸ್ತಕವನ್ನು x ಸುತ್ತ 180, ಆಮೇಲೆ ಮೇಜಿನ z ಸುತ್ತ 90 ತಿರುಗಿಸಿ:

```
R =  0  1  0        R + I =  1  1  0
     1  0  0                 1  1  0
     0  0 -1                 0  0  0
```

ಟ್ರೇಸ್ −1, ಕೋನ 180. ಕರ್ಣಕ್ಕೆ 1 ಸೇರಿಸಿದಾಗ ಸಿಗುವ R + I ನ ಪ್ರತಿ ಕಾಲಮ್ಮೂ ಅಕ್ಷದ ದಿಕ್ಕಿಗೇ ಇರುತ್ತದೆ ಅಥವಾ ಸೊನ್ನೆಯಾಗಿರುತ್ತದೆ. ಕರ್ಣದ ಸಂಖ್ಯೆ ಎಲ್ಲಿ ದೊಡ್ಡದೋ ಆ ಕಾಲಮ್ ತಗೊಂಡು ಉದ್ದದಿಂದ ಭಾಗಿಸಿ. ಇಲ್ಲಿ (1, 1, 0), ಅಂದರೆ x ಮತ್ತು y ಗಳ ನಡುವಿನ ಓರೆ ಗೆರೆ. 180ಕ್ಕೆ ತೀರ ಹತ್ತಿರದ ಕೋನ ಬಂದಾಗಲೂ ಅಕ್ಷಕ್ಕೆ v ನಂಬಬೇಡಿ, ಅದು ಅಷ್ಟು ಸಣ್ಣದಾಗಿರುತ್ತದೆ ಎಂದರೆ ಉಳಿದಿರುವುದು ಬಹುಪಾಲು ಕೊನೆಯ ಅಂಕಿಗಳ ಕಸ. ಈ ಕಾಲಮ್ಮನ್ನೇ ಬಳಸಿ, v ಯಿಂದ ಚಿಹ್ನೆ ಮಾತ್ರ ತಗೊಳ್ಳಿ.