‘ನಂಗೆ ನಂಗೆ’ ಬೇರೆ, ‘ನ ನ ನಂಗೆ’ ಬೇರೆ

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಶನಿವಾರ ಮಂಡ್ಯಕ್ಕೂ ಹೋಗುತ್ತೇನೆ. ಎರಡೂ ಕಡೆ ಮೂರು ವರ್ಷದ ಮಕ್ಕಳನ್ನು ಕರೆತರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ಮೇಡಂ, ಮಗು ತೊದಲುತ್ತೆ." ನಮ್ಮ ಭಾಷೆಯಲ್ಲಿ ಇದೊಂದು ತಾಪತ್ರಯ. ಎಳೆಮಗುವಿನ ಮುದ್ದು ಮಾತಿಗೂ ತೊದಲು, ಮಾತು ಸಿಕ್ಕಿಕೊಳ್ಳುವುದಕ್ಕೂ ತೊದಲು. ಉಗ್ಗು ಅಂತ ಬೇರೆ ಪದ ಇದೆ, ಆದರೆ ತಮ್ಮ ಮಗುವಿನ ವಿಷಯದಲ್ಲಿ ಅದನ್ನು ಬಳಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಬಂದವರು ಯಾವುದರ ಬಗ್ಗೆ ಹೇಳುತ್ತಿದ್ದಾರೆ ಅಂತ ನಾನೇ ಹುಡುಕಬೇಕು.

ಕಳೆದ ವರ್ಷ ಒಂದೇ ವಾರದಲ್ಲಿ ಇಬ್ಬರು ಬಂದರು. ಒಬ್ಬಳು ಮೈಸೂರಿನ ಹುಡುಗಿ, ಮೂರು ವರ್ಷ ಒಂದು ತಿಂಗಳು. ಇನ್ನೊಬ್ಬ ಪಾಂಡವಪುರ ಕಡೆಯ ಹುಡುಗ, ಮೂರು ವರ್ಷ ನಾಲ್ಕು ತಿಂಗಳು. ಹೆಸರು ಬೇಡ, ಪುಟ್ಟಿ ಮತ್ತು ಪುಟ್ಟ ಎನ್ನೋಣ. ಸುಮ್ನೆ ಕೂತು ಕೇಳಿದರೆ ಪುಟ್ಟಿಯೇ ಜಾಸ್ತಿ ತಡವರಿಸುತ್ತಿದ್ದಳು. ಅವಳ ಅಪ್ಪ ಅಮ್ಮ ಗಾಬರಿಯಾಗಿದ್ದರು. ಪುಟ್ಟನ ಅಜ್ಜಿ ಆರಾಮಾಗಿದ್ದರು. "ಇವ್ನ ಸೋದರಮಾವನೂ ಹಿಂಗೇ ಕಣವ್ವ, ಏನಾಯ್ತು ಈಗ? ಮದ್ವೆ ಆಗಿ ಎರಡು ಮಕ್ಕಳವ್ರೆ" ಎಂದರು. ಆ ಮಾತು ಕೇಳಿದಾಗಲೇ ನನ್ನ ಕಿವಿ ನೆಟ್ಟಗಾಯಿತು. ಮಾವ ಈಗಲೂ ಉಗ್ಗುತ್ತಾರಾ ಅಂತ ಕೇಳಿದೆ. "ಫೋನಲ್ಲಿ ಮಾತಾಡಕ್ಕೇ ಹೋಗಲ್ಲ" ಎಂದರು.

ನಾನು ಮೊದಲ ದಿನ ತೀರ್ಪು ಕೊಡುವುದಿಲ್ಲ. ಈ ಅಭ್ಯಾಸ ಒಂದು ತಪ್ಪಿನಿಂದ ಬಂದದ್ದು. ಕೆಲಸ ಶುರು ಮಾಡಿದ ಹೊಸದರಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗ ನನ್ನ ಮುಂದೆ ಅರ್ಧ ಗಂಟೆ ನೀರು ಹರಿದ ಹಾಗೆ ಮಾತಾಡಿದ. ಏನೂ ಇಲ್ಲ, ತಾನಾಗಿಯೇ ಹೋಗುತ್ತದೆ ಎಂದು ಕಳಿಸಿದೆ. ಹದಿನಾಲ್ಕು ತಿಂಗಳ ಮೇಲೆ ಅದೇ ಹುಡುಗ ಮತ್ತೆ ಬಂದ. ಬಾಯಿ ತೆರೆದಿದೆ, ದನಿ ಬರುತ್ತಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿದೆ. ಈ ವಯಸ್ಸಿನ ಉಗ್ಗು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಎರಡು ವಾರ ಮಾಯವಾಗಿ ಮೂರನೇ ವಾರ ಜೋರಾಗಿ ಬರುತ್ತದೆ. ಹೊಸ ಜಾಗದಲ್ಲಿ, ಹೊಸಬರ ಮುಂದೆ ಮಗು ಎರಡೆರಡು ಪದದಲ್ಲಿ ಉತ್ತರ ಕೊಟ್ಟರೆ ಸಿಕ್ಕಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ನಾನು ನೋಡಿದ್ದು ಅವನ ಒಂದು ಒಳ್ಳೆಯ ದಿನ, ಅಷ್ಟೇ.

ಹಾಗಾಗಿ ಈಗ ಮನೆಯ ರೆಕಾರ್ಡಿಂಗ್ ಕೇಳುತ್ತೇನೆ. ಮೂರು ಬೇರೆ ಬೇರೆ ದಿನ, ಹತ್ತು ಹತ್ತು ನಿಮಿಷ. ಮೊಬೈಲನ್ನು ಮಗುವಿನ ಮುಖಕ್ಕೆ ಹಿಡಿದು "ಮಾತಾಡು ಮಾತಾಡು" ಎನ್ನಬಾರದು. ಆಟದ ಸಾಮಾನಿನ ಪಕ್ಕ ಎಲ್ಲಾದರೂ ಒರಗಿಸಿಟ್ಟು ಜೊತೆಗೆ ಆಡಬೇಕು. ಮುಖ ಕಾಣುವ ಹಾಗಿದ್ದರೆ ಒಳ್ಳೆಯದು, ಯಾಕೆಂದರೆ ಕಿವಿಗೆ ಸಿಗದ ಎಷ್ಟೋ ವಿಷಯ ಮುಖದಲ್ಲಿರುತ್ತದೆ.

ಆಮೇಲೆ ಎಣಿಸುತ್ತೇನೆ. ಮಗುವಿನ ಮಾತನ್ನು ಬರೆದುಕೊಂಡು ಉಚ್ಚಾರಣೆಯ ತುಂಡುಗಳನ್ನು ಎಣಿಸಬೇಕು. ಕನ್ನಡದಲ್ಲಿ ಇದು ಸುಲಭ, ನಮ್ಮ ಅಕ್ಷರವೇ ಹೆಚ್ಚುಕಮ್ಮಿ ಒಂದು ತುಂಡು. "ಅಜ್ಜಿ ನಂಗೆ ಬಾಳೆಹಣ್ಣು ಕೊಡು" ಎಂದರೆ ಹತ್ತು. ಮಗು "ಅಜ್ಜಿ ನ ನ ನಂಗೆ ಬಾಳೆಹಣ್ಣು ಕೊಡು" ಎಂದರೂ ಹತ್ತೇ, ಮರುಕಳಿಸಿದ್ದನ್ನು ಸೇರಿಸುವುದಿಲ್ಲ. ಆದರೆ ಪಕ್ಕದಲ್ಲಿ ಒಂದು ಗೀಟು ಬೀಳುತ್ತದೆ. ಹೀಗೆ ಒಂದೊಂದು ರೆಕಾರ್ಡಿಂಗಿನಲ್ಲಿ 300 ಅಕ್ಷರದವರೆಗೆ ಹೋಗುತ್ತೇನೆ.

ಗೀಟು ಹಾಕುವುದರಲ್ಲೇ ಇಡೀ ವಿಷಯ ಇರುವುದು. ನನ್ನ ಹಾಳೆಯಲ್ಲಿ ಎರಡು ಕಾಲಂ. ಎಡಗಡೆ ಎಲ್ಲ ಮಕ್ಕಳೂ ಮಾಡುವ ತಡವರಿಕೆ. ಇಡೀ ಪದ ಮತ್ತೆ ಬರುವುದು: "ನಂಗೆ ನಂಗೆ ಬೇಕು." ಅರ್ಧ ವಾಕ್ಯ ಹೇಳಿ ಬದಲಾಯಿಸುವುದು: "ನಾಯಿ ಹೋಯ್... ನಾಯಿ ಓಡ್‌ಹೋಯ್ತು." ನಡುವೆ "ಆಂ", "ಅದೂ" ಎಂದು ಎಳೆಯುವುದು. ಮೂರನೇ ವರ್ಷದಲ್ಲಿ ಮಗು ಸಣ್ಣ ಸಣ್ಣ ಮಾತು ಬಿಟ್ಟು ಉದ್ದ ವಾಕ್ಯಕ್ಕೆ ಹೋಗುತ್ತಿರುತ್ತದೆ. ಹೇಳಬೇಕಾದ್ದು ತಲೆಯಲ್ಲಿ ತಯಾರಾಗುವ ಮೊದಲೇ ಬಾಯಿ ಹೊರಟುಬಿಡುತ್ತದೆ. ಇಡೀ ಪದ ಮತ್ತೆ ಹೇಳುವುದು ಆ ಸಮಯ ತುಂಬಿಸಿಕೊಳ್ಳುವುದು.

ಬಲಗಡೆ ಉಗ್ಗಿನ ಥರದ್ದು. ಪದ ಒಡೆದು ಅದರ ಮೊದಲ ತುಂಡು ಮಾತ್ರ ಮರುಕಳಿಸುವುದು: "ನ ನ ನ ನಂಗೆ." ದನಿ ಎಳೆದು ನಿಲ್ಲುವುದು: "ಸ್ಸ್ಸ್ಸೈಕಲ್." ಬಾಯಿ ಸಿದ್ಧವಾಗಿದ್ದರೂ ದನಿಯೇ ಹೊರಡದೆ ಕಟ್ಟಿಕೊಳ್ಳುವುದು. ಇಲ್ಲಿ ಮಗುವಿಗೆ ಏನು ಹೇಳಬೇಕೆಂದು ಚೆನ್ನಾಗಿ ಗೊತ್ತು, ಹೇಳಲು ಆಗುತ್ತಿಲ್ಲ. "ಬಾ", "ಆ", "ನೀ" ಥರದ ಒಂದೇ ಅಕ್ಷರದ ಪದ ಮತ್ತೆ ಮತ್ತೆ ಬಂದರೂ ಈ ಕಾಲಂಗೇ ಹಾಕುತ್ತೇವೆ. ಬಲಗಡೆ 100 ಅಕ್ಷರಕ್ಕೆ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ಉಗ್ಗು ಎಂದು ತೆಗೆದುಕೊಳ್ಳುವುದು ನಮ್ಮ ಕೆಲಸದಲ್ಲಿ ರೂಢಿ.

ಪುಟ್ಟಿಯ ಮೊದಲ 300 ಅಕ್ಷರದಲ್ಲಿ ಎಡಗಡೆ 19, ಬಲಗಡೆ 4. ಅಂದರೆ ಬಲಗಡೆಯದು 100ಕ್ಕೆ ಒಂದು ಚಿಲ್ಲರೆ. ಉಳಿದ ಎರಡು ದಿನವೂ ಹಾಗೇ. ಮರುಕಳಿಸಿದಾಗಲೂ ಒಂದು ಸಲ ಮಾತ್ರ, ಅದೂ ನಿಧಾನವಾಗಿ. ಮುಖದಲ್ಲಿ ಏನೂ ಇಲ್ಲ. ತಡವರಿಸಿದ್ದು ಅವಳಿಗೇ ಗೊತ್ತಿಲ್ಲ.

ಪುಟ್ಟನ ಮೊದಲ ದಿನ ಎಡಗಡೆ 8, ಬಲಗಡೆ 21. ಎರಡನೇ ದಿನ ಬಲಗಡೆ 9. ಮೂರನೇ ದಿನ 27. ಅಂದರೆ 100ಕ್ಕೆ 7, 3, 9. ಎರಡನೇ ದಿನ ಒಂದನ್ನೇ ನೋಡಿದ್ದರೆ ಗಡಿಯಲ್ಲಿದ್ದಾನೆ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದೆನೋ ಏನೋ. ಸಂಖ್ಯೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ವಿಡಿಯೊ. "ಟ್ರ್ಯಾಕ್ಟ್ರು" ಎನ್ನಲು ಹೊರಟವನು ಐದು ಸಲ "ಟ" ಎಂದ, ಬೇಗ ಬೇಗ, ಒಂದರ ಮೇಲೊಂದು. ದನಿ ಮೇಲೆ ಹೋಯಿತು. ಒಂದು ಕಣ್ಣು ಮಿಟುಕಿತು. ಆಮೇಲೆ ಮಾತು ಬಿಟ್ಟು ಹೊರಗಡೆ ಬೆರಳು ತೋರಿಸಿದ. ಮೂರು ವರ್ಷದ ಮಗು ಹೇಳಹೊರಟ ಪದ ಬಿಟ್ಟು ಬೆರಳು ತೋರಿಸುತ್ತಿದೆ ಎಂದರೆ, ತನ್ನ ಮಾತು ಸಿಕ್ಕಿಕೊಳ್ಳುತ್ತದೆ ಎಂಬುದು ಅದಕ್ಕೆ ತಿಳಿಯಲು ಶುರುವಾಗಿದೆ.

ಆದರೆ ಉಗ್ಗು ಎಂದು ತಿಳಿದ ಮಾತ್ರಕ್ಕೆ ಅದೇ ದಿನ ಥೆರಪಿ ಶುರುವಾಗುವುದಿಲ್ಲ. ಈ ವಯಸ್ಸಿನಲ್ಲಿ ಉಗ್ಗು ಶುರುವಾದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಕೆಲವು ವರ್ಷದೊಳಗೆ ತಾನಾಗಿಯೇ ಬಿಟ್ಟುಹೋಗುತ್ತದೆ. ಆ ನಾಲ್ಕನೆಯ ಮಗು ಯಾವುದು ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಸುಳಿವುಗಳು ಮಾತ್ರ ಇವೆ. ಹುಡುಗರಲ್ಲಿ ಉಳಿದುಕೊಳ್ಳುವುದು ಜಾಸ್ತಿ. ಮೂರೂವರೆ ವರ್ಷದ ಮೇಲೆ ಶುರುವಾದದ್ದು ಸುಲಭಕ್ಕೆ ಬಿಡುವುದಿಲ್ಲ. ಆರು ತಿಂಗಳು, ವರ್ಷ ಆದರೂ ಇಳಿಯದಿದ್ದರೆ ಕಾಯುವುದರಲ್ಲಿ ಅರ್ಥ ಕಡಿಮೆಯಾಗುತ್ತಾ ಹೋಗುತ್ತದೆ. ನಾನು ಹೆಚ್ಚು ತೂಕ ಕೊಡುವುದು ಮನೆತನಕ್ಕೆ. ಅದರಲ್ಲೂ ಒಂದು ವ್ಯತ್ಯಾಸ ಇದೆ. ಚಿಕ್ಕಂದಿನಲ್ಲಿ ಉಗ್ಗಿ ಆಮೇಲೆ ಸರಿಹೋದ ನೆಂಟರಿದ್ದರೆ ಅದು ಒಳ್ಳೆಯ ಸುಳಿವು. ದೊಡ್ಡವರಾದ ಮೇಲೂ ಉಳಿಸಿಕೊಂಡ ನೆಂಟರಿದ್ದರೆ ಎಚ್ಚರ. ಫೋನಲ್ಲಿ ಮಾತಾಡಲು ಹೋಗದ ಸೋದರಮಾವ ಇಲ್ಲಿ ಮುಖ್ಯವಾಗಿದ್ದು ಅದಕ್ಕೇ.

ಪುಟ್ಟನಿಗೆ ಶುರುವಾಗಿ ಆರು ತಿಂಗಳಾಗಿತ್ತು. ಹಬ್ಬಕ್ಕೆ ಹೋಲಿಸಿ ನೆನಪು ಮಾಡಿಕೊಳ್ಳಿ ಎಂದಾಗ ಅವನ ಅಮ್ಮ ಹೇಳಿದ ಲೆಕ್ಕ ಅದು. ತಿಂಗಳು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಗೌರಿ ಹಬ್ಬಕ್ಕೆ ಮುಂಚೆಯಾ ಆಮೇಲಾ ಎಂದರೆ ಥಟ್ಟನೆ ಹೇಳುತ್ತಾರೆ. ಆರು ತಿಂಗಳಲ್ಲಿ ಇಳಿದಿಲ್ಲ, ಏರಿದೆ. ಮಾವನಿಗೆ ಉಳಿದಿದೆ. ಮುಖದಲ್ಲಿ ಬಿಗಿತ ಬಂದಿದೆ. ಮಾತು ಬಿಡಲು ಶುರು ಮಾಡಿದ್ದಾನೆ. ಥೆರಪಿ ಶುರು ಮಾಡೋಣ ಎಂದೆ.

ಅಜ್ಜಿ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ನಾಲಿಗೆ ದಪ್ಪ ಇದೆ, ಕೆಳಗಿನ ಪೊರೆ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಊರಲ್ಲಿ ಯಾರೋ ಹೇಳಿದ್ದರಂತೆ. ಉಗ್ಗು ನಾಲಿಗೆಯ ತೊಂದರೆ ಅಲ್ಲ, ಮಾತಿನ ಚಲನೆಯನ್ನು ಮಿದುಳು ಹೊಂದಿಸುವ ಕಡೆ ಇರುವ ವ್ಯತ್ಯಾಸ. ಇದನ್ನು ಹೇಳಿದರೆ ಅಜ್ಜಿ ಒಪ್ಪುತ್ತಾರಾ? "ಅಜ್ಜಿ, ನಾಲಿಗೆ ದಪ್ಪ ಇದ್ದಿದ್ರೆ ಹಾಡುವಾಗಲೂ ಸಿಕ್ಕಿಕೊಳ್ಳಬೇಕಿತ್ತು ಅಲ್ವಾ?" ಎಂದೆ. ಪುಟ್ಟ ಹಾಡುವಾಗ ಒಂದು ಸಲವೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಅಜ್ಜಿ ಸ್ವಲ್ಪ ಯೋಚಿಸಿ ಬಜೆ ನಿಲ್ಲಿಸಿದರು.

ಬಳಸಿದ್ದು ಲಿಡ್‌ಕೂಂಬ್ ವಿಧಾನ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡದ್ದು. ಇದರಲ್ಲಿ ಥೆರಪಿ ಕೊಡುವುದು ಅಮ್ಮ. ಅಮ್ಮನಿಗೆ ಕಲಿಸಿ ತಿದ್ದುವುದು ನನ್ನ ಕೆಲಸ. ದಿನಾ ಹದಿನೈದು ನಿಮಿಷ, ಪುಟ್ಟನಿಗೆ ಸರಾಗವಾಗಿ ಬರುವಷ್ಟು ಚಿಕ್ಕ ಮಾತಿನ ಆಟ. ಚಿತ್ರ ತೋರಿಸಿ "ಇದು ಹಸುನಾ ಎಮ್ಮೆನಾ?" ಅಂತ ಕೇಳುವುದು. ಸರಾಗವಾಗಿ ಬಂದಾಗ "ಎಷ್ಟು ನುಣುಪಾಗಿ ಹೇಳ್ದೆ!" ಎನ್ನುವುದು. ಹೀಗೆ ಹಲವು ಸಲ ಹೊಗಳಿದ ಮೇಲೆ ಎಲ್ಲೋ ಒಂದು ಸಲ, ಮುಖ ಗಂಟಿಕ್ಕದೆ, "ಅಲ್ಲಿ ಸ್ವಲ್ಪ ಸಿಕ್ಕಿಕೊಳ್ತು ಕಂದ" ಎನ್ನುವುದು. ರಾತ್ರಿ ಆ ದಿನದ ಮಾತಿಗೆ ಒಂದು ಅಂಕ ಬರೆಯುವುದು. ಉಗ್ಗೇ ಇಲ್ಲದಿದ್ದರೆ 0, ವಿಪರೀತ ಇದ್ದರೆ 9. ವಾರಕ್ಕೊಮ್ಮೆ ನನ್ನ ಮುಂದೆ ಅದೇ ಆಟ ಆಡಿ ತೋರಿಸುವುದು.

ಕೇಳಲು ಸುಲಭ. ಮೂರನೇ ವಾರ ಪುಟ್ಟ ಸಿಟ್ಟಾಗಿ ಚಿತ್ರ ಎಸೆದ. ನೋಡಿದರೆ ಅಮ್ಮ ಹೊಗಳುವುದು ಒಂದು ಸಲ, ಸಿಕ್ಕಿಕೊಂಡದ್ದನ್ನು ತೋರಿಸುವುದು ಮೂರು ಸಲ ಆಗಿತ್ತು. ಬೇಗ ಸರಿ ಮಾಡಬೇಕೆಂಬ ಆಸೆ, ತಪ್ಪೇನಲ್ಲ. ಎರಡು ವಾರ ಹೊಗಳಿಕೆ ಬಿಟ್ಟು ಬೇರೇನೂ ಬೇಡ ಎಂದೆ. ಓದಿಕೊಂಡು ಮನೆಯಲ್ಲೇ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಐದನೇ ವಾರದ ಅಂಕಗಳು 5, 4, 6, 4. ಹದಿನೈದನೇ ವಾರ ಹೆಚ್ಚು ದಿನ 1, ಕೆಲವು ದಿನ 0. ಆಮೇಲೆ ಭೇಟಿಗಳನ್ನು ಎರಡು ವಾರಕ್ಕೆ, ತಿಂಗಳಿಗೆ ಹೀಗೆ ದೂರ ಮಾಡುತ್ತಾ ಒಂದು ವರ್ಷ ಕಣ್ಣಿಟ್ಟಿರಬೇಕು. ಪುಟ್ಟ ಈಗ ಆ ಹಂತದಲ್ಲಿದ್ದಾನೆ. ನೆಗಡಿ ಜ್ವರ ಬಂದ ವಾರ 3ಕ್ಕೆ ಏರಿತ್ತು, ಮತ್ತೆ ಇಳಿಯಿತು.

ಪುಟ್ಟಿಗೆ ಥೆರಪಿ ಬೇಕಾಗಲಿಲ್ಲ. ಅವಳ ಮನೆಯವರಿಗೆ ಎರಡೇ ಕೆಲಸ ಕೊಟ್ಟೆ. "ನಿಧಾನ, ಉಸಿರು ತಗೊಂಡು ಹೇಳು" ಎನ್ನುವುದನ್ನು ನಿಲ್ಲಿಸಿ, ತಾವೇ ನಿಧಾನವಾಗಿ ಮಾತಾಡಿ ಅವಳು ಮುಗಿಸುವವರೆಗೆ ಕಾಯುವುದು. ತಿಂಗಳಿಗೊಂದು ರೆಕಾರ್ಡಿಂಗ್ ಕಳಿಸುವುದು. ಪದ ಒಡೆಯಲು ಶುರುವಾದರೆ, ದನಿ ಎಳೆದರೆ, ಮುಖ ಬಿಗಿದರೆ ತಿಂಗಳು ಕಾಯದೆ ಬನ್ನಿ ಎಂದೆ. ನಾಲ್ಕನೇ ರೆಕಾರ್ಡಿಂಗಿನಲ್ಲಿ ಎಡಗಡೆ 7, ಬಲಗಡೆ 1. ಹಿಂದುಗಡೆ ಅವಳ ಅಪ್ಪನ ದನಿ ಕೇಳುತ್ತದೆ: "ನಂಗೆ... ಅದೂ... ಆ ಚಾರ್ಜರ್ ಎಲ್ಲಿಟ್ಟೆ?" ಅದನ್ನು ನಾನು ಎಣಿಸಲಿಲ್ಲ.