ಫ್ರಾಂಚೈಸಿ ಕೊಡ್ತೀರಾ? ಕ್ಯಾಪ್ಶನ್ ಬರೆಯುವ ಮುಂಚೆ ಲೆಕ್ಕ ಬರೆಯಿರಿ

ಹುಬ್ಬಳ್ಳಿ ಕಡೆ ಗಿರ್ಮಿಟ್, ಮಿರ್ಚಿ ಭಜಿ ಮಾರುವ ನಾಲ್ಕು ಸ್ವಂತ ಅಂಗಡಿಗಳಿವೆ ಎಂದುಕೊಳ್ಳಿ. ಮುಂದಿನದನ್ನು ಫ್ರಾಂಚೈಸಿಗೆ ಕೊಡೋಣ ಎಂದು ಮಾಲೀಕರಿಗೆ ಅನಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೊ ಹಾಕಿ, ಕೆಳಗೆ ಹೀಗೆ ಬರೆಯುತ್ತಾರೆ: ‘ಕೇವಲ 6 ಲಕ್ಷಕ್ಕೆ ನಿಮ್ಮದೇ ಅಂಗಡಿ! ತಿಂಗಳಿಗೆ 1 ಲಕ್ಷದವರೆಗೆ ಲಾಭ! ಸಂಪೂರ್ಣ ಸಪೋರ್ಟ್! ಇಂದೇ ಕರೆ ಮಾಡಿ!’

ಕರೆಗಳೇನೋ ಬರುತ್ತವೆ. ಆದರೆ 6 ಲಕ್ಷ ಮಾತ್ರ ಇರುವವರಿಗೆ ಅಂಗಡಿ ತೆರೆಯಲು ಆಗುವುದಿಲ್ಲ. ಹಣ ಇರುವವರು ‘ಆ 1 ಲಕ್ಷ ಬರೆದು ಕೊಡ್ತೀರಾ’ ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಇಲ್ಲ. ಕ್ಯಾಪ್ಶನ್ನಿನ ಕೆಲಸ ಫೋನು ಬಡಿದುಕೊಳ್ಳುವಂತೆ ಮಾಡುವುದಲ್ಲ, ಸರಿಯಾದ ಹತ್ತು ಜನ ಮಾತ್ರ ಕರೆ ಮಾಡುವಂತೆ ಮಾಡುವುದು. ಇದೇ ಅಂಗಡಿಯ ಉದಾಹರಣೆ ಇಟ್ಟುಕೊಂಡು ಅದನ್ನು ಬರೆಯೋಣ. ಇಲ್ಲಿನ ಮೊತ್ತಗಳು ಲೆಕ್ಕ ತಿಳಿಯಲಿ ಎಂದು ಇಟ್ಟುಕೊಂಡವು. ನಿಮ್ಮ ಬಿಲ್ಲು, ಕೊಟೇಶನ್ ನೋಡಿ ನಿಮ್ಮದನ್ನು ಹಾಕಿಕೊಳ್ಳಿ.

ಮೊದಲು ಹೂಡಿಕೆಯ ಲೆಕ್ಕ

ಕ್ಯಾಪ್ಶನ್ ಬರೆಯುವುದು ಕೊನೆಯ ಕೆಲಸ. ಮೊದಲು ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಒಂದು ಧಾರವಾಡದಂಥ ಊರಿನ 120 ಚದರ ಅಡಿ ಅಂಗಡಿಗೆ, ಇನ್ನೊಂದು ಬೆಂಗಳೂರಿನ 200 ಚದರ ಅಡಿ ಅಂಗಡಿಗೆ.

ಫ್ರಾಂಚೈಸಿ ಶುಲ್ಕ ಎರಡೂ ಕಡೆ 2 ಲಕ್ಷ ಇರಲಿ. ಇದರ ಮೇಲೆ ಶೇ 18 ಜಿಎಸ್‌ಟಿ ಇದೆ, ಅಂದರೆ ಇನ್ನೂ 36,000. ‘ಅದು ಆಮೇಲೆ ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸ್ ಬರುತ್ತೆ ಬಿಡಿ’ ಎಂದು ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ತಿಂಡಿ ಅಂಗಡಿ ಶೇ 5ರ ರೆಸ್ಟೋರೆಂಟ್ ದರದಲ್ಲಿ ಬಿಲ್ ಹಾಕುತ್ತಿದ್ದರೆ ಆ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಅದು ಪೂರ್ತಿ ಖರ್ಚೇ. 2,36,000 ಎಂದೇ ಬರೆದುಕೊಳ್ಳಿ.

ಒಲೆ, ಬಾಣಲೆ, ಫ್ರಿಜ್, ಸ್ಟೀಲ್ ಕೌಂಟರ್‌ಗೆ ಧಾರವಾಡದಲ್ಲಿ 1.6 ಲಕ್ಷ, ಬೆಂಗಳೂರಿನಲ್ಲಿ 2.2 ಲಕ್ಷ. ಒಳಗಿನ ಕೆಲಸ ಮತ್ತು ಬೋರ್ಡಿಗೆ 1.5 ಮತ್ತು 2.6 ಲಕ್ಷ. ಬಿಲ್ಲಿಂಗ್ ಮಷಿನ್, ಸಿಸಿಟಿವಿ 35,000 ಮತ್ತು 45,000. ಮೊದಲ ಸಲದ ಸಾಮಾನು 40,000 ಮತ್ತು 60,000. ಲೈಸೆನ್ಸು, ಅಗ್ರಿಮೆಂಟ್ ಓಡಾಟ 14,000 ಮತ್ತು 24,000. ಕೂಡಿಸಿದರೆ ಧಾರವಾಡಕ್ಕೆ 6.35 ಲಕ್ಷ, ಬೆಂಗಳೂರಿಗೆ 8.45 ಲಕ್ಷ.

ಹೆಚ್ಚಿನ ಕ್ಯಾಪ್ಶನ್‌ಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅಂಗಡಿಯ ಅಡ್ವಾನ್ಸ್ ಎಲ್ಲಿ? ಧಾರವಾಡದಲ್ಲಿ 15,000 ಬಾಡಿಗೆಗೆ ಆರು ತಿಂಗಳ ಅಡ್ವಾನ್ಸ್ ಎಂದರೆ 90,000. ಬೆಂಗಳೂರಿನಲ್ಲಿ 35,000 ಬಾಡಿಗೆಗೆ ಹತ್ತು ತಿಂಗಳದ್ದು ಕೇಳಿದರೆ 3.5 ಲಕ್ಷ. ವ್ಯಾಪಾರ ಕುದುರುವವರೆಗೆ ಬಾಡಿಗೆ, ಸಂಬಳ, ಕರೆಂಟು, ಗ್ಯಾಸು ಕೈಯಿಂದಲೇ ಹೋಗಬೇಕು. ಧಾರವಾಡದಲ್ಲಿ ಇಬ್ಬರು ಕೆಲಸದವರಿದ್ದರೆ ತಿಂಗಳಿಗೆ 55,000, ಬೆಂಗಳೂರಿನಲ್ಲಿ ಮೂವರಿದ್ದರೆ 1 ಲಕ್ಷ ಇಟ್ಟುಕೊಳ್ಳಿ. ಮೂರು ತಿಂಗಳಿಗೆ 1.65 ಲಕ್ಷ ಮತ್ತು 3 ಲಕ್ಷ.

ಈಗ ನಿಜವಾದ ಮೊತ್ತ ನೋಡಿ: ಧಾರವಾಡಕ್ಕೆ 8.9 ಲಕ್ಷ, ಬೆಂಗಳೂರಿಗೆ 14.95 ಲಕ್ಷ. ‘ಕೇವಲ 6 ಲಕ್ಷ’ ಎಂದು ನಂಬಿ ಬೆಂಗಳೂರಿನಲ್ಲಿ ಅಂಗಡಿ ತೆರೆದವರು ಅರ್ಧ ದಾರಿಯಲ್ಲಿ ಕೈಸಾಲಕ್ಕೆ ಇಳಿಯುತ್ತಾರೆ. ಆಮೇಲೆ ಒಳ್ಳೆ ಎಣ್ಣೆ ಹಾಕುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಹೆಸರು ಕೆಡುವುದು ನಿಮ್ಮದೇ.

ಹಾಗಾಗಿ ಕ್ಯಾಪ್ಶನ್‌ನಲ್ಲಿ ಎರಡು ಸಾಲು ಬರಬೇಕು. ಅಂಗಡಿ ಸಜ್ಜು ಮಾಡಲು 6.5ರಿಂದ 8.5 ಲಕ್ಷ. ಅಡ್ವಾನ್ಸ್ ಮತ್ತು ಮೂರು ತಿಂಗಳ ಖರ್ಚು ಸೇರಿಸಿ ಕೈಯಲ್ಲಿ ಇರಬೇಕಾದ್ದು 9ರಿಂದ 15 ಲಕ್ಷ. ಮೊತ್ತವನ್ನು ಯಾವಾಗಲೂ ಮೇಲಕ್ಕೆ ದುಂಡು ಮಾಡಿ, ಕೆಳಕ್ಕಲ್ಲ. ‘6 ಲಕ್ಷದಿಂದ ಆರಂಭ’ ಎಂಬ ಮಾತು ಬೇಡ. ಎಲ್ಲಿ ಮುಗಿಯುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ.

ರಾಯಲ್ಟಿ ಇದ್ದರೆ ಅದೂ ಇಲ್ಲೇ ಬರಲಿ. ‘ಮಾರಾಟದ ಮೇಲೆ ಶೇ 5’ ಎಂದು ಬಿಡಿಸಿ ಬರೆಯಿರಿ. ಬರೀ ‘ಶೇ 5 ರಾಯಲ್ಟಿ’ ಎಂದರೆ ಓದಿದವರು ಲಾಭದಲ್ಲಿ ಶೇ 5 ಎಂದುಕೊಳ್ಳುತ್ತಾರೆ. ತಿಂಗಳಿಗೆ 2 ಲಕ್ಷ ಮಾರಾಟವಾದರೆ, ಆ ತಿಂಗಳು ನಷ್ಟವಾಗಿದ್ದರೂ 10,000 ಕೊಡಬೇಕು. ಇದು ಮೊದಲ ದಿನವೇ ಗೊತ್ತಿರಬೇಕಾದ ವಿಷಯ ಅಲ್ವಾ?

‘ಸಪೋರ್ಟ್’ ಎಂದರೆ ಏನು?

‘ಸಂಪೂರ್ಣ ಸಪೋರ್ಟ್’ ಎಂದು ಬರೆದರೆ ಕೆಲಸಗಾರ ಬಿಟ್ಟುಹೋದ ದಿನ ನಿಮಗೇ ಫೋನು ಬರುತ್ತದೆ. ಪ್ರತಿ ನೆರವಿಗೂ ಎಷ್ಟು, ಎಲ್ಲಿ, ಯಾರ ಖರ್ಚು ಎಂಬ ಮೂರು ಪ್ರಶ್ನೆ ಹಾಕಿ.

ಉದಾಹರಣೆಗೆ ತರಬೇತಿ. ಗಿರ್ಮಿಟ್‌ನಲ್ಲಿ ಕಷ್ಟದ ಭಾಗ ಈರುಳ್ಳಿ, ಹುಣಸೆಹುಳಿಯ ಒಗ್ಗರಣೆ. ಅದು ನೀರಾದರೆ ಚುರುಮುರಿ ಕಲಸಿದ ಕೂಡಲೇ ಮುದ್ದೆಯಾಗುತ್ತದೆ, ಗಟ್ಟಿಯಾದರೆ ಪುಟಾಣಿ ಹಿಟ್ಟು ಬಾಯಲ್ಲಿ ಒಣಗಿ ನಿಲ್ಲುತ್ತದೆ. ಇದನ್ನು ವಿಡಿಯೊ ನೋಡಿ ಕಲಿಯಲಾಗದು. ಆದ್ದರಿಂದ ‘ಹುಬ್ಬಳ್ಳಿಯ ನಮ್ಮ ಅಂಗಡಿಯಲ್ಲಿ ಇಬ್ಬರಿಗೆ 12 ದಿನ ಕೈಕೆಲಸದ ತರಬೇತಿ, ಊಟ ವಸತಿ ನಿಮ್ಮದು’ ಎಂದು ಬರೆಯಿರಿ. ಓದಿದವರಿಗೆ ಚಿತ್ರ ಸಿಗುತ್ತದೆ. ನಿಮಗೂ ಮಾತಿಗೆ ಗಡಿ ಸಿಗುತ್ತದೆ.

ಲೈಸೆನ್ಸಿನ ವಿಷಯದಲ್ಲೂ ಅಷ್ಟೇ. ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಪ್ರತಿ ಅಂಗಡಿಗೂ ಬೇರೆ ಬೇರೆ ಬೇಕು. ನಿಮ್ಮ ಹುಬ್ಬಳ್ಳಿ ಅಂಗಡಿಯ ನಂಬರ್ ಅವರ ಗೋಡೆಗೆ ಹಾಕುವಂತಿಲ್ಲ. ‘ಲೈಸೆನ್ಸ್ ನಾವೇ ಕೊಡಿಸುತ್ತೇವೆ’ ಎನ್ನಬೇಡಿ, ಕೊಡುವುದು ಇಲಾಖೆ. ‘ಅರ್ಜಿ ಹಾಕಲು ನೆರವು’ ಎಂದರೆ ಸಾಕು.

ಲಾಭದ ಮಾತು ಎಲ್ಲೆಲ್ಲಿ ಅಡಗಿರುತ್ತದೆ

‘ಖಚಿತ ಲಾಭ’ ಎಂದು ಬರೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಸಿಕ್ಕಿಹಾಕಿಕೊಳ್ಳುವುದು ಬೇರೆ ಪದಗಳಲ್ಲಿ. ‘18 ತಿಂಗಳಲ್ಲಿ ಹಾಕಿದ ಹಣ ವಾಪಸ್’ ಎಂಬುದೂ ಲಾಭದ ಭರವಸೆಯೇ. ‘1 ಲಕ್ಷದವರೆಗೆ’ ಎಂದರೂ ಓದುವವರ ಕಣ್ಣಿಗೆ ಬೀಳುವುದು 1 ಲಕ್ಷ, ‘ವರೆಗೆ’ ಅಲ್ಲ. ‘ರಿಸ್ಕ್ ಇಲ್ಲ’ ಎಂಬುದಂತೂ ಬೇಡವೇ ಬೇಡ.

ಜಾಸ್ತಿ ಮೋಸ ಮಾಡುವುದು ‘ಶೇ 60 ಮಾರ್ಜಿನ್’. ಒಂದು ಪ್ಲೇಟ್ ಗಿರ್ಮಿಟ್ 40 ರೂಪಾಯಿ, ಸಾಮಾನಿನ ಖರ್ಚು 16 ಎಂದರೆ 24 ರೂಪಾಯಿ ಉಳಿಯುತ್ತದೆ, ಅದು ಶೇ 60. ಲೆಕ್ಕ ಸುಳ್ಳಲ್ಲ. ಆದರೆ ಬಾಡಿಗೆ, ಸಂಬಳ, ಗ್ಯಾಸು, ರಾಯಲ್ಟಿ ಎಲ್ಲ ಹೋಗಬೇಕಾದ್ದು ಆ 24ರಲ್ಲೇ. ಬೆಂಗಳೂರಿನ ಅಂಗಡಿಯ ತಿಂಗಳ ಖರ್ಚು 1 ಲಕ್ಷ ಎಂದೆವಲ್ಲ. ರಾಯಲ್ಟಿ 2 ರೂಪಾಯಿ ಕಳೆದರೆ ಪ್ಲೇಟಿಗೆ 22. ಆ 1 ಲಕ್ಷ ಹುಟ್ಟಲು ತಿಂಗಳಿಗೆ ಸುಮಾರು 4,550 ಪ್ಲೇಟ್, ದಿನಕ್ಕೆ 150ಕ್ಕಿಂತ ಹೆಚ್ಚು ಹೋಗಬೇಕು. ಅಷ್ಟಾದರೂ ಲಾಭ ಸೊನ್ನೆ. ಈ ಲೆಕ್ಕವನ್ನು ಎದುರು ಕೂತು ತೋರಿಸಬಹುದು. ಕ್ಯಾಪ್ಶನ್‌ನಲ್ಲಿ ಶೇ 60 ಎಂದು ಮಾತ್ರ ಹಾಕಿದರೆ ಅದು ಅರ್ಧ ಸತ್ಯ.

ಕೊನೆಯಲ್ಲಿ ನಕ್ಷತ್ರ ಗುರುತು ಹಾಕಿ ಸಣ್ಣ ಅಕ್ಷರದಲ್ಲಿ ‘ಷರತ್ತು ಅನ್ವಯ’ ಎಂದರೆ ಪಾರಾಗುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ. ಮೇಲೆ ಹೇಳಿದ ತಪ್ಪು ಮಾತನ್ನು ಕೆಳಗಿನ ಟಿಪ್ಪಣಿಯಿಂದ ಸರಿಪಡಿಸುವಂತಿಲ್ಲ, ಟಿಪ್ಪಣಿ ಜಾಹೀರಾತಿನ ಭಾಷೆಯಲ್ಲೇ ಇರಬೇಕು ಎಂದು ಅದು ಹೇಳುತ್ತದೆ. ಕನ್ನಡದಲ್ಲಿ ಕರೆದು ಇಂಗ್ಲಿಷ್‌ನಲ್ಲಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದಕ್ಕೇ ಈ ಮಾತು. ಫ್ರಾಂಚೈಸಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ 1872ರ ಕರಾರು ಕಾಯ್ದೆ ಪ್ರಕಾರ, ತಪ್ಪು ಮಾಹಿತಿ ನಂಬಿ ಸಹಿ ಹಾಕಿದವರು ಒಪ್ಪಂದ ರದ್ದು ಮಾಡಿಸಲು ಕೇಳಬಹುದು. ಆಗ ನಿಮ್ಮ ಕ್ಯಾಪ್ಶನ್‌ನ ಸ್ಕ್ರೀನ್‌ಶಾಟೇ ಸಾಕ್ಷಿ.

ಇನ್ನೊಂದು ಅಪಾಯ ಇದೆ. ‘ಅಂಗಡಿ ನಾವೇ ನಡೆಸುತ್ತೇವೆ, ನೀವು ಹಣ ಹಾಕಿ, ತಿಂಗಳಿಗೆ ಇಷ್ಟು ನಿಶ್ಚಿತ’ ಎಂಬ ಮಾದರಿ. ಇದು ಫ್ರಾಂಚೈಸಿಗಿಂತ ಠೇವಣಿ ಸಂಗ್ರಹದಂತೆ ಕಾಣತೊಡಗುತ್ತದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಇದೆ. ವಕೀಲರನ್ನು ಕೇಳದೆ ಇಂಥದ್ದನ್ನು ಬರೆಯಲೇಬೇಡಿ.

ಇನ್ನು ಬರೆಯೋಣ

ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ನೋಡಲು ಒತ್ತಬೇಕು. ಹಾಗಾಗಿ ಊರು, ತಿಂಡಿ, ಮೊತ್ತ ಮೊದಲಿಗೇ ಬರಲಿ. ಕ್ಯಾಪ್ಶನ್ ಒಳಗೆ ಹಾಕಿದ ಲಿಂಕ್ ಅಲ್ಲಿ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಬಯೋದಲ್ಲಿ ಇಡಿ. ಇಷ್ಟಾದರೆ ನಮ್ಮ ಉದಾಹರಣೆಯ ಕ್ಯಾಪ್ಶನ್ ಹೀಗಿರುತ್ತದೆ:

‘ಹುಬ್ಬಳ್ಳಿ ಗಿರ್ಮಿಟ್–ಮಿರ್ಚಿ ಅಂಗಡಿ ನಿಮ್ಮ ಊರಲ್ಲಿ ತೆರೀತೀರಾ? ಕೈಯಲ್ಲಿ 9ರಿಂದ 15 ಲಕ್ಷ ಬೇಕು.

ಅಂಗಡಿ ಸಜ್ಜು ಮಾಡಲು: 6.5–8.5 ಲಕ್ಷ (ಫ್ರಾಂಚೈಸಿ ಶುಲ್ಕ 2 ಲಕ್ಷ, ಅದರ ಜಿಎಸ್‌ಟಿ ಸೇರಿ). ಉಳಿದದ್ದು ಬಾಡಿಗೆ ಅಡ್ವಾನ್ಸ್ ಮತ್ತು ಮೊದಲ 3 ತಿಂಗಳ ಖರ್ಚಿಗೆ. ಊರು, ಜಾಗದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ರಾಯಲ್ಟಿ ಮಾರಾಟದ ಮೇಲೆ ಶೇ 5.

ನಾವು ಮಾಡುವುದು: ನೀವು ತೋರಿಸಿದ ಜಾಗ ಬಂದು ನೋಡುತ್ತೇವೆ. ಹುಬ್ಬಳ್ಳಿಯಲ್ಲಿ ಇಬ್ಬರಿಗೆ 12 ದಿನ ತರಬೇತಿ (ಊಟ ವಸತಿ ನಿಮ್ಮದು). ತೆರೆದ ಮೊದಲ 5 ದಿನ ನಮ್ಮ ಒಬ್ಬರು ನಿಮ್ಮ ಜೊತೆ. ಮಸಾಲೆ ಪುಡಿ ವಾರಕ್ಕೊಮ್ಮೆ, ನಿಗದಿತ ದರಕ್ಕೆ. ಲೈಸೆನ್ಸ್ ಅರ್ಜಿಗೆ ನೆರವು.

ನೀವು ಮಾಡುವುದು: ಜಾಗ, ಕೆಲಸದವರು, ದಿನವೂ ಅಂಗಡಿಯಲ್ಲಿ ನಿಲ್ಲುವ ಮನೆಯವರೊಬ್ಬರು.

ವ್ಯಾಪಾರ ಜಾಗ, ಬಾಡಿಗೆ, ನೀವು ನಡೆಸುವ ರೀತಿಯ ಮೇಲೆ ನಿಂತಿದೆ. ಲಾಭಕ್ಕೆ ನಾವು ಖಾತರಿ ಕೊಡುವುದಿಲ್ಲ, ನಷ್ಟವೂ ಆಗಬಹುದು. ನಮ್ಮ 4 ಅಂಗಡಿಗಳ ಲೆಕ್ಕವನ್ನು ಭೇಟಿಯಾದಾಗ ತೋರಿಸುತ್ತೇವೆ.

ವಾಟ್ಸ್ಆ್ಯಪ್ ಮಾಡಿ: ನಿಮ್ಮ ಊರು, ಜಾಗ ಇದೆಯೇ, ಎಷ್ಟು ಹಣ ಹಾಕಬಲ್ಲಿರಿ, ಅಂಗಡಿಯಲ್ಲಿ ಯಾರು ನಿಲ್ಲುತ್ತಾರೆ. ಅಗ್ರಿಮೆಂಟ್‌ಗೆ ಮುಂಚೆ ನಾವು ಯಾರಿಂದಲೂ ಹಣ ಪಡೆಯುವುದಿಲ್ಲ.’

ಕೊನೆಯ ಸಾಲು ಸುಮ್ನೆ ಹಾಕಿದ್ದಲ್ಲ. ಹೆಸರು ಮಾಡಿದ ಅಂಗಡಿಗಳ ನಕಲಿ ಪುಟ ತೆರೆದು ‘ಬುಕಿಂಗ್ ಮೊತ್ತ’ ಕೀಳುವ ವಂಚಕರಿದ್ದಾರೆ. ಆ ಸಾಲು ನಿಮ್ಮ ಪುಟದಲ್ಲಿದ್ದರೆ ಮೋಸ ಹೋಗುವ ಮುಂಚೆ ಯಾರಾದರೂ ಒಬ್ಬರು ನಿಮಗೇ ಫೋನ್ ಮಾಡಿ ಕೇಳಬಹುದು.

ಹಾಕುವ ಮುಂಚೆ ನಿಮ್ಮ ಲೆಕ್ಕ ನೋಡುವವರಿಗೆ ಮೊತ್ತಗಳನ್ನು, ಅಡುಗೆಮನೆ ನೋಡಿಕೊಳ್ಳುವವರಿಗೆ ನೆರವಿನ ಪಟ್ಟಿಯನ್ನು ಓದಿಸಿ. ‘5 ದಿನ ಯಾರನ್ನ ಕಳಿಸ್ತೀರಿ ಸಾರ್, ಇಲ್ಲಿ ಭಜಿ ಯಾರು ಕರೀತಾರೆ?’ ಎಂದು ಅವರು ಕೇಳಿದರೆ ಆ ಸಾಲು ತಿದ್ದಬೇಕು ಎಂದರ್ಥ. ಎಣ್ಣೆ, ಸ್ಟೀಲ್ ದರ ಏರಿದಾಗ ಹಳೆಯ ಪೋಸ್ಟಿನ ಮೊತ್ತವನ್ನೂ ತಿದ್ದಿ, ಯಾಕೆಂದರೆ ಜನ ಆರು ತಿಂಗಳ ಹಿಂದಿನದನ್ನೂ ಹುಡುಕಿ ತೆಗೆಯುತ್ತಾರೆ.

ಪೋಸ್ಟ್ ಹಾಕಿದ ಮೇಲೆ ಕಾಮೆಂಟಿನಲ್ಲಿ ಮೊದಲು ಬರುವ ಪ್ರಶ್ನೆ ‘ತಿಂಗಳಿಗೆ ಎಷ್ಟು ಉಳಿಯುತ್ತೆ ಅಣ್ಣಾ?’ ಕ್ಯಾಪ್ಶನ್‌ನಲ್ಲಿ ಕಾಪಾಡಿಕೊಂಡದ್ದನ್ನು ಇಲ್ಲಿ ‘ಆರಾಮಾಗಿ 80 ಸಾವಿರ’ ಎಂದು ಬಿಟ್ಟುಕೊಡುವವರೇ ಜಾಸ್ತಿ. ಕಾಮೆಂಟಿನ ಉತ್ತರವೂ ನಿಮ್ಮ ಜಾಹೀರಾತೇ. ಉತ್ತರ ಹೀಗಿರಲಿ: ‘ಜಾಗ ನೋಡದೆ ಹೇಳೋಕೆ ಆಗಲ್ಲ ಅಣ್ಣಾ. ಬಾಡಿಗೆ ಎಷ್ಟು ಅಂತ ಮೆಸೇಜ್ ಮಾಡಿ, ದಿನಕ್ಕೆ ಎಷ್ಟು ಪ್ಲೇಟ್ ಹೋದರೆ ಖರ್ಚು ಹುಟ್ಟುತ್ತೆ ಅಂತ ಲೆಕ್ಕ ಹಾಕಿ ಕೊಡ್ತೀವಿ.’